ಅವಕಲನದ ಅರ್ಥವನ್ನು ಕೇಳುವ ಪ್ರಶ್ನೆಗಳು

x³ ದ ಅವಕಲನವೇನೆಂದು ಕೇಳಿದರೆ, ಕಲನಶಾಸ್ತ್ರದ ಪಾಠ ಆರಂಭವಾದ ಕೆಲವೇ ದಿನಗಳಲ್ಲಿ ಇಡೀ ತರಗತಿ 3x² ಎಂದು ಒಕ್ಕೊರಲಿನಿಂದ ಹೇಳುತ್ತದೆ. x ನ ಬೆಲೆ 2 ಆದಾಗ ದೊರೆಯುವ 12 ಎಂಬ ಸಂಖ್ಯೆ ಏನನ್ನು ತಿಳಿಸುತ್ತದೆಂದು ಕೇಳಿದರೆ ಅದೇ ತರಗತಿ ಮೌನ ತಾಳುತ್ತದೆ. ಘಾತವನ್ನು ಮುಂದೆ ತಂದು ಅದರಲ್ಲಿ ಒಂದನ್ನು ಕಳೆಯುವುದು ಕೈಗೆ ಬಂದ ಅಭ್ಯಾಸ. ಪ್ರಶ್ನಪತ್ರಿಕೆ ಆ ಅಭ್ಯಾಸವನ್ನಷ್ಟೇ ಕೇಳುತ್ತ ಹೋದರೆ, ಅರ್ಥ ತಿಳಿಯದವನೂ ಪೂರ್ಣಾಂಕ ಪಡೆಯುವನು. ತಿಳಿದಿಲ್ಲವೆಂಬುದು ಅವನಿಗೂ ಗೊತ್ತಾಗದು, ಕಲಿಸಿದವರಿಗೂ ಗೊತ್ತಾಗದು.

ಇದಕ್ಕೆ ಉಪಾಯ ಪ್ರಶ್ನೆಯ ರೂಪದಲ್ಲಿಯೇ ಉಂಟು. 2009ರ ಆಗಸ್ಟ್ 16ರಂದು ಬರ್ಲಿನ್ನಿನಲ್ಲಿ ಉಸೇನ್ ಬೋಲ್ಟ್ 100 ಮೀಟರುಗಳನ್ನು 9.58 ಸೆಕೆಂಡುಗಳಲ್ಲಿ ಓಡಿದರು. ಪ್ರತಿ ಹತ್ತು ಮೀಟರಿಗೆ ತಗುಲಿದ ಕಾಲವೂ ದಾಖಲಾಗಿದೆ. ಮೊದಲ ಹತ್ತು ಮೀಟರಿಗೆ 1.89 ಸೆಕೆಂಡು, 50 ಮೀಟರು ದಾಟಿದ್ದು 5.47ರಲ್ಲಿ, 60 ಮೀಟರು 6.29ರಲ್ಲಿ, 70 ಮೀಟರು 7.10ರಲ್ಲಿ. ಕೊನೆಯ ಹತ್ತು ಮೀಟರಿಗೆ 0.83 ಸೆಕೆಂಡು. t ಸೆಕೆಂಡುಗಳಲ್ಲಿ ಕ್ರಮಿಸಿದ ದೂರವನ್ನು f(t) ಎನ್ನೋಣ. 50ರಿಂದ 70 ಮೀಟರಿನವರೆಗಿನ 20 ಮೀಟರುಗಳನ್ನು 1.63 ಸೆಕೆಂಡುಗಳಿಂದ ಭಾಗಿಸಿದರೆ f′(6.29) ಸುಮಾರು 12.3 ಎಂದಾಗುತ್ತದೆ. ಇಲ್ಲಿಯವರೆಗೆ ಭಾಗಾಕಾರವಷ್ಟೆ. ಪ್ರಶ್ನೆ ಆರಂಭವಾಗುವುದು ಇಲ್ಲಿಂದ: ‘ಅವಕಲನ, ಇಳಿಜಾರು, ದರ ಎಂಬ ಪದಗಳನ್ನು ಬಳಸದೆ ಈ 12.3ರ ಅರ್ಥವನ್ನು ಒಂದೆರಡು ವಾಕ್ಯಗಳಲ್ಲಿ ಬರೆಯಿರಿ.’

ಬರುವ ಉತ್ತರಗಳು ಬಗೆಬಗೆಯವು. ‘6.29 ಸೆಕೆಂಡುಗಳಲ್ಲಿ ಅವನು 12.3 ಮೀಟರು ಓಡಿದನು’ ಎಂದು ಬರೆದವನು f ಅನ್ನೂ f′ ಅನ್ನೂ ಒಂದೇ ಎಂದು ತಿಳಿದಿದ್ದಾನೆ. ಅಷ್ಟು ಹೊತ್ತಿಗೆ ಓಟಗಾರ 60 ಮೀಟರು ದಾಟಿಯಾಗಿತ್ತು. ‘ವೇಗ 12.3ರಷ್ಟು ಹೆಚ್ಚಿತು’ ಎಂದವನು ದೂರದ ಬದಲಾವಣೆಯನ್ನು ವೇಗದ ಬದಲಾವಣೆಯೆಂದು ಓದಿದ್ದಾನೆ. ‘ಪ್ರತಿ ಸೆಕೆಂಡಿಗೂ 12.3 ಮೀಟರು ಓಡುತ್ತಿದ್ದನು’ ಎಂಬುದು ಸರಿಯ ಸಮೀಪಕ್ಕೆ ಬಂದರೂ ಒಂದು ಕ್ಷಣದ ಮಾತನ್ನು ಇಡೀ ಓಟಕ್ಕೆ ಹರಡುತ್ತದೆ. ಒಪ್ಪತಕ್ಕ ಉತ್ತರ ಹೀಗಿರಬಹುದು: ಓಟ ಆರಂಭವಾಗಿ 6.29 ಸೆಕೆಂಡುಗಳಾದ ಕ್ಷಣದಲ್ಲಿ ಓಟಗಾರನ ಗತಿ ಹೇಗಿತ್ತೆಂದರೆ, ಅದು ಹಾಗೆಯೇ ಉಳಿದಿದ್ದರೆ ಮುಂದಿನ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಅವನು ಸುಮಾರು 1.23 ಮೀಟರು ಮುಂದೆ ಹೋಗುತ್ತಿದ್ದನು. ಈ ಉತ್ತರದ ಜೀವವೆಲ್ಲ ‘ಹಾಗೆಯೇ ಉಳಿದಿದ್ದರೆ’ ಎಂಬ ಎರಡು ಮಾತುಗಳಲ್ಲಿದೆ.

ಅರ್ಥವಾಯಿತೆ ಎಂಬುದನ್ನು ಇನ್ನೂ ಒರೆಗೆ ಹಚ್ಚಬೇಕಾದರೆ ಪ್ರಶ್ನೆಯನ್ನು ತಿರುಗಿಸಬೇಕು. d ಮೀಟರು ತಲುಪಲು ಹಿಡಿದ ಕಾಲವನ್ನು g(d) ಎಂದು ಕರೆದರೆ g′(60) ಸುಮಾರು 0.08. ಇದನ್ನು ‘ವೇಗ 0.08’ ಎಂದು ಬರೆಯುವವರೇ ಹೆಚ್ಚು. ಮಾನವನ್ನು ಬರೆಯಹೇಳಿದೊಡನೆ ತಪ್ಪು ಹೊರಬೀಳುತ್ತದೆ. ಅದು ಮೀಟರೊಂದಕ್ಕೆ ಇಷ್ಟು ಸೆಕೆಂಡು ಎಂಬ ಲೆಕ್ಕ. ಆ ಸ್ಥಳದಲ್ಲಿ ಇನ್ನೊಂದು ಮೀಟರು ಮುಂದೆ ಹೋಗಲು ತಗಲುವ ಕಾಲ.

ನಕ್ಷೆಯ ಪ್ರಶ್ನೆಯಲ್ಲಿ ಬೇರೊಂದು ಬಗೆಯ ಭ್ರಮೆ ಬಯಲಾಗುತ್ತದೆ. ದೂರದ ನಕ್ಷೆಯನ್ನು ಕೊಟ್ಟು ಅದರ ಕೆಳಗೆ ವೇಗದ ನಕ್ಷೆಯನ್ನು ಎಳೆಯಹೇಳಿದರೆ ಹಲವರು ಮೇಲಿನ ಆಕಾರವನ್ನೇ ನಕಲು ಮಾಡುತ್ತಾರೆ. ದೂರದ ರೇಖೆ ಕೊನೆಯವರೆಗೂ ಏರುತ್ತಿರುವುದರಿಂದ ವೇಗವೂ ಏರುತ್ತಿರಬೇಕೆಂಬುದು ಅವರ ಎಣಿಕೆ. ಆದರೆ 60ರಿಂದ 70 ಮೀಟರಿನ ನಡುವೆ ಸೆಕೆಂಡಿಗೆ 12.3 ಮೀಟರಿಗಿಂತ ತುಸು ಹೆಚ್ಚಿದ್ದ ಸರಾಸರಿ ವೇಗ ಕೊನೆಯ ಹತ್ತು ಮೀಟರುಗಳಲ್ಲಿ 12.05ಕ್ಕೆ ಇಳಿದಿದೆ. ಮೇಲಿನ ರೇಖೆ ಏರುತ್ತಿರುವಾಗಲೇ ಕೆಳಗಿನದು ಬಾಗಿದೆ. ಇನ್ನು ಕೆಲವರು ದೂರದ ರೇಖೆ ನೇರವಾದ ಕಡೆ ವೇಗವನ್ನು ಸೊನ್ನೆಗೆ ತರುತ್ತಾರೆ; ನೇರವೆಂದರೆ ಮಟ್ಟಸವೆಂದು ಕಣ್ಣು ಮೋಸಹೋಗುತ್ತದೆ. ನಕ್ಷೆಯ ಮೇಲೆ ಅಳತೆಪಟ್ಟಿಯನ್ನು ಸ್ಪರ್ಶರೇಖೆಯಂತೆ ಇಟ್ಟು ಎಡದಿಂದ ಬಲಕ್ಕೆ ಸರಿಸುತ್ತ, ಪಟ್ಟಿಯ ಓರೆ ಎಲ್ಲಿ ಹೆಚ್ಚಿತು, ಎಲ್ಲಿ ನಿಂತಿತು ಎಂದು ಬಾಯಿಬಿಟ್ಟು ಹೇಳಿಸಿದರೆ ಎರಡು ತಪ್ಪುಗಳೂ ಬೇಗ ಕಾಣುತ್ತವೆ.

ಈ ಉದಾಹರಣೆಗೂ ಮಿತಿಯಿದೆ. ಹತ್ತು ಮೀಟರಿನ ಲೆಕ್ಕದಿಂದ ಬಂದುದು ಸರಾಸರಿಯೇ ಹೊರತು ಕ್ಷಣದ ವೇಗವಲ್ಲ. ಪ್ರತಿ ಹೆಜ್ಜೆಯಲ್ಲಿಯೂ ಓಟಗಾರನ ವೇಗ ತುಸು ತಗ್ಗಿ ಮತ್ತೆ ಹೆಚ್ಚುತ್ತದೆ. ಕೋಷ್ಟಕದಲ್ಲಿ ಅದು ಕಾಣದು. ಇದನ್ನು ಮರೆಮಾಚದೆ, ‘12.3ನ್ನು ಇನ್ನೂ ನಿಖರಗೊಳಿಸಲು ಯಾವ ಅಳತೆ ಬೇಕು?’ ಎಂದು ಕೇಳುವುದು ಲೇಸು. ‘6.29ರ ಹಿಂದೆಮುಂದೆ ಇನ್ನೂ ಚಿಕ್ಕ ಅವಧಿಗಳ ಅಳತೆ’ ಎಂದ ವಿದ್ಯಾರ್ಥಿ ಮಿತಿಯ ಕಲ್ಪನೆಯ ಬಾಗಿಲಿಗೆ ಬಂದಿರುತ್ತಾನೆ.

ಇಂಥ ಉತ್ತರಗಳ ಮೌಲ್ಯಮಾಪನಕ್ಕೆ ಹೊತ್ತು ಹಿಡಿಯುತ್ತದೆ, ಅಂಕಗಳಲ್ಲಿ ಏಕರೂಪತೆ ಇರದು ಎಂಬ ಆಕ್ಷೇಪ ನ್ಯಾಯವಾದುದೇ. ನಾಲ್ಕು ಅಂಕಗಳನ್ನು ಯಾವ ಕ್ಷಣ, ಯಾವ ಪರಿಮಾಣ, ಯಾವ ಮಾನ, ‘ಹಾಗೆಯೇ ಉಳಿದರೆ’ ಎಂಬ ನಿಬಂಧನೆ ಇವುಗಳಿಗೆ ಒಂದೊಂದರಂತೆ ಹಂಚಿದರೆ ಅದು ಬಹುಮಟ್ಟಿಗೆ ಪರಿಹಾರವಾಗುತ್ತದೆ. ಇಂಗ್ಲಿಷಿನಲ್ಲಿ ತಡವರಿಸುವ ಹುಡುಗನಿಗೆ ಈ ಒಂದು ಪ್ರಶ್ನೆಯನ್ನಾದರೂ ಕನ್ನಡದಲ್ಲಿ ಉತ್ತರಿಸಲು ಬಿಡಬೇಕು. ಇಲ್ಲವಾದರೆ ಅಳೆಯುವುದು ಅವನ ಇಂಗ್ಲಿಷನ್ನೇ ಹೊರತು ಗಣಿತವನ್ನಲ್ಲ. ತಿಂಗಳ ಕಿರುಪರೀಕ್ಷೆಯಲ್ಲಿ ಹತ್ತು ಲೆಕ್ಕಗಳ ಸ್ಥಳದಲ್ಲಿ ಎಂಟನ್ನಿಟ್ಟು, ಉಳಿದೆರಡರ ಹೊತ್ತನ್ನು ಇಂಥ ಒಂದು ಪ್ರಶ್ನೆಗೆ ಕೊಟ್ಟರೆ ಸಾಕು.