ದೋಷವಲ್ಲದ ‘ಎರರ್’

ಒಂದೇ ನಿಫ್ಟಿ 50ನ್ನು ಹಿಂಬಾಲಿಸುವ ಎರಡು ಇಂಡೆಕ್ಸ್ ಫಂಡ್‌ಗಳು ಒಂದೇ ವರ್ಷದಲ್ಲಿ ಬೇರೆ ಬೇರೆ ಲಾಭ ಕೊಟ್ಟರೆ, ಟ್ರ್ಯಾಕಿಂಗ್ ಎರರ್ ನೋಡಿ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ‘ಅನುಸರಣಾ ದೋಷ’ ಎಂದು ಬರೆದಿದ್ದೂ ಕಂಡಿದ್ದೇನೆ. ನನ್ನ ತಕರಾರು ಇರುವುದು ಆ ‘ದೋಷ’ದ ಬಗ್ಗೆ. ಫಂಡ್ ಸೂಚ್ಯಂಕಕ್ಕಿಂತ ಎಷ್ಟು ಹಿಂದೆ ಬಿತ್ತು ಎಂಬುದನ್ನು ಈ ಅಂಕಿ ಹೇಳುವುದೇ ಇಲ್ಲ. ಫಂಡ್‌ಗೂ ಸೂಚ್ಯಂಕಕ್ಕೂ ದಿನದಿನ ಬೀಳುವ ಅಂತರ ಅದರದೇ ಸರಾಸರಿಯಿಂದ ಎಷ್ಟು ಅತ್ತಿತ್ತ ಚದುರುತ್ತದೆ ಎಂಬುದಷ್ಟೇ ಅದರ ಲೆಕ್ಕ. ‘ಹೊಯ್ದಾಟ’ ಎಂದರೆ ಹೆಚ್ಚು ಸರಿ.

ಒಂದು ಲೆಕ್ಕ ಹಾಕಿ ನೋಡೋಣ. ಡಿವಿಡೆಂಡ್ ಸೇರಿಸಿದ ಸೂಚ್ಯಂಕ ವರ್ಷಕ್ಕೆ ಶೇ. 12 ಏರಿತು ಎನ್ನಿ. ಮೊದಲ ಫಂಡ್ ಹಣವನ್ನೆಲ್ಲ ಷೇರುಗಳಲ್ಲೇ ಇಟ್ಟಿದೆ, ಆದರೆ ಅದರ ವೆಚ್ಚ ಶೇ. 0.8. ಈ ವೆಚ್ಚವನ್ನು ವರ್ಷದ ಕೊನೆಗೆ ಒಟ್ಟಿಗೆ ತೆಗೆಯುವುದಿಲ್ಲ; ದಿನವೂ ಎನ್‌ಎವಿಯಿಂದ ಸಮನಾದ ಚೂರು ಕಳೆಯುತ್ತಾ ಹೋಗುತ್ತಾರೆ. ಅಂತರ ಪ್ರತಿದಿನ ಒಂದೇ ಆದ್ದರಿಂದ ಚದುರಾಟವಿಲ್ಲ, ಟ್ರ್ಯಾಕಿಂಗ್ ಎರರ್ ಹೆಚ್ಚುಕಡಿಮೆ ಸೊನ್ನೆ. ಕೈಗೆ ಬರುವುದು ಮಾತ್ರ ಸುಮಾರು ಶೇ. 11.2.

ಎರಡನೆಯ ಫಂಡ್‌ನ ವೆಚ್ಚ ಶೇ. 0.2. ಆದರೆ ಹಣ ವಾಪಸ್ ಕೇಳುವವರಿಗಾಗಿ ಶೇ. 2ರಷ್ಟನ್ನು ನಗದಾಗಿ ಇಟ್ಟುಕೊಂಡಿದೆ. ಸೂಚ್ಯಂಕ ಶೇ. 1.5 ಏರಿದ ದಿನ ಈ ಫಂಡ್ ಶೇ. 0.03 ಹಿಂದುಳಿಯುತ್ತದೆ, ಅಷ್ಟೇ ಇಳಿದ ದಿನ ಅಷ್ಟೇ ಮುಂದಿರುತ್ತದೆ. ಎರರ್ ದೊಡ್ಡದಾಗುತ್ತದೆ, ನಷ್ಟ ಬಹುಪಾಲು ತಾನೇ ಸರಿಹೋಗುತ್ತದೆ. ಪೂರ್ತಿಯಲ್ಲ: ಮಾರುಕಟ್ಟೆ ಒಟ್ಟಾರೆ ಏರಿದ ವರ್ಷ ನಗದು ಒಂದಿಷ್ಟು ತಿಂದೇ ತಿನ್ನುತ್ತದೆ. ಅದನ್ನೂ ಸೇರಿಸಿ ಶೇ. 11.7 ಬಂತು ಅಂದುಕೊಳ್ಳಿ. ‘ದೋಷ’ ಹೆಚ್ಚಿದ್ದ ಫಂಡೇ ಅರ್ಧ ಶೇಕಡ ಮುಂದೆ! ಇದೇ ಅಂತರ ಉಳಿದರೆ 10 ಲಕ್ಷ ರೂಪಾಯಿ 20 ವರ್ಷಕ್ಕೆ ಒಂದರಲ್ಲಿ ಸುಮಾರು 83.6 ಲಕ್ಷ, ಇನ್ನೊಂದರಲ್ಲಿ ಸುಮಾರು 91.4 ಲಕ್ಷವಾಗುತ್ತದೆ.

ಹಾಗೆಂದು ಹೊಯ್ದಾಟವನ್ನು ಕಡೆಗಣಿಸಬೇಕಿಲ್ಲ. ನಿಫ್ಟಿ 50ರ ಪಟ್ಟಿ ವರ್ಷಕ್ಕೆ ಎರಡು ಬಾರಿ, ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಗೆ, ಪರಿಷ್ಕಾರವಾಗುತ್ತದೆ. ಸೂಚ್ಯಂಕ ಕಾಗದದ ಮೇಲೆ ಒಂದು ದರದಲ್ಲಿ ಬದಲಾಗುತ್ತದೆ; ಫಂಡ್ ಸಿಕ್ಕ ದರದಲ್ಲಿ ಕೊಳ್ಳಬೇಕು, ದಲ್ಲಾಳಿಗೂ ತೆರಿಗೆಗೂ ತೆರಬೇಕು. ಸ್ಮಾಲ್‌ಕ್ಯಾಪ್ ಸೂಚ್ಯಂಕಗಳಲ್ಲಿ ವಹಿವಾಟು ತೆಳು, ಹಾಗಾಗಿ ಅಲ್ಲಿ ಈ ಪೆಟ್ಟು ಜೋರು. ಒಂದೇ ಸೂಚ್ಯಂಕದ ಉಳಿದ ಫಂಡ್‌ಗಳಿಗಿಂತ ಒಂದರ ಎರರ್ ಬಹಳ ಮೇಲಿದ್ದರೆ ನಿರ್ವಹಣೆ ಸಡಿಲವಾಗಿದೆಯೇ ಎಂದು ಅನುಮಾನಿಸಬಹುದು.

ಹಿಂದುಳಿಕೆಯನ್ನು ಹೇಳುವ ಅಂಕಿಗೆ ಬೇರೆ ಹೆಸರಿದೆ: ಟ್ರ್ಯಾಕಿಂಗ್ ಡಿಫರೆನ್ಸ್. 2022ರ ಸೆಬಿ ಸುತ್ತೋಲೆ ಈಕ್ವಿಟಿ ಇಂಡೆಕ್ಸ್ ಫಂಡ್‌ಗಳ ಎರರ್‌ಗೆ ಶೇ. 2ರ ಮಿತಿ ಹಾಕಿ, ಡಿಫರೆನ್ಸನ್ನು ಪ್ರತಿ ತಿಂಗಳು ಪ್ರಕಟಿಸಲು ಹೇಳಿತು. ಹೋಲಿಸುವಾಗ ಡೈರೆಕ್ಟ್ ಪ್ಲಾನನ್ನು ಡೈರೆಕ್ಟ್ ಪ್ಲಾನಿನೊಂದಿಗೇ, ಒಂದೇ ಅವಧಿಗೆ, ಡಿವಿಡೆಂಡ್ ಸೇರಿಸಿದ ಸೂಚ್ಯಂಕಕ್ಕೆ ಎದುರಾಗಿ ಇಡಿ. ಬರೀ ನಿಫ್ಟಿಯ ಏರಿಕೆಗೆ ಹೋಲಿಸಿದರೆ ಡಿವಿಡೆಂಡ್‌ನ ದೆಸೆಯಿಂದ ಸಾಧಾರಣ ಫಂಡೂ ಸೂಚ್ಯಂಕವನ್ನು ಗೆದ್ದಂತೆ ಕಾಣುತ್ತದೆ.