ಸರ್ವೆಯಲ್ಲಿ ಜನ ‘ಹೌದು’ ಎಂದರಂತೆ, ಆದರೆ ಕೇಳಿದ ಪ್ರಶ್ನೆ ಯಾವುದು?

“ಸರ್ವೆ ಪ್ರಕಾರ ಇಷ್ಟು ಶೇಕಡಾ ಜನ ಹೀಗೆ ಹೇಳಿದ್ದಾರೆ” ಎಂಬ ಫಾರ್ವರ್ಡ್‌ಗಳು ನಿಮ್ಮ ಫೋನಿಗೂ ಬರುತ್ತಿರುತ್ತವೆ. ಅವುಗಳಲ್ಲಿ ಅಂಕಿ ಇರುತ್ತದೆ, ಕೇಳಿದ ಪ್ರಶ್ನೆ ಮಾತ್ರ ಇರುವುದಿಲ್ಲ. ಆ ಅಂಕಿಗೆ ಬೆಲೆ ಇದೆಯೋ ಇಲ್ಲವೋ ಎಂಬುದು ಎಷ್ಟೋ ಸಲ ಪ್ರಶ್ನೆಯ ಮಾತಿನಲ್ಲೇ ತೀರ್ಮಾನವಾಗಿರುತ್ತದೆ.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನೇ ನೋಡೋಣ. ಇಲ್ಲಿನ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಾಗಾಗಿ ಊರೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಜನ ಆ ನೀರನ್ನು ಬಳಸುತ್ತಿದ್ದಾರೆಯೇ ಎಂದು ತಿಳಿಯಲು ಹೊರಟವರೊಬ್ಬರು ಹೀಗೆ ಕೇಳಿದರು ಎಂದುಕೊಳ್ಳಿ:

“ಫ್ಲೋರೈಡ್‌ನಿಂದ ಹಲ್ಲು, ಮೂಳೆ ಹಾಳಾಗುವುದರಿಂದ ನೀವು ಕುಡಿಯಲು ಮತ್ತು ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೇ ಬಳಸುತ್ತೀರಿ, ಅಲ್ಲವೇ?”

ಇದಕ್ಕೆ ಏನೆಂದು ಉತ್ತರಿಸುವುದು? ಕುಡಿಯೋಕೆ ಒಂದು ಕ್ಯಾನ್ ಘಟಕದ ನೀರು ತಂದು, ಅನ್ನ-ಸಾರಿಗೆ ನಲ್ಲಿ ನೀರನ್ನೇ ಹಾಕುವ ಮನೆಯವರು ‘ಹೌದು’ ಎಂದರೂ ಅರ್ಧ ಸುಳ್ಳು, ‘ಇಲ್ಲ’ ಎಂದರೂ ಅರ್ಧ ಸುಳ್ಳು. ಸಂಶೋಧಕರಿಗೆ ಈ ವ್ಯತ್ಯಾಸವೇ ಮುಖ್ಯ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮುದ್ದೆಗೆ, ಸಾರಿಗೆ ಹಾಕಿದ ನೀರಿನ ಜೊತೆ ಅದೂ ಹೊಟ್ಟೆಗೆ ಸೇರುತ್ತದೆ. ಒಂದು ಪ್ರಶ್ನೆಗೆ ಎರಡು ವಿಷಯ ಕಟ್ಟಿದ ಈ ಜೋಡಿ ಪ್ರಶ್ನೆಯನ್ನು ಸಂಶೋಧನೆಯ ಭಾಷೆಯಲ್ಲಿ ‘ಡಬಲ್ ಬ್ಯಾರೆಲ್ಡ್’ ಎನ್ನುತ್ತಾರೆ.

ಎರಡನೇ ತೊಂದರೆ, ಪ್ರಶ್ನೆಯೇ ಉತ್ತರ ಹೇಳಿಕೊಡುತ್ತಿದೆ. ‘ಅಲ್ಲವೇ’ ಎಂದ ಮೇಲೆ ಮನೆಗೆ ಬಂದವರ ಎದುರು ‘ಇಲ್ಲ’ ಎನ್ನಲು ಯಾರಿಗಾದರೂ ಸಂಕೋಚ. ಹಲ್ಲು, ಮೂಳೆ ಹಾಳಾಗುತ್ತದೆ ಎಂದು ಮೊದಲೇ ಹೆದರಿಸಿ ಆಗಿದೆ. ‘ಶುದ್ಧ ನೀರು’ ಎಂಬ ಹೆಸರೂ ಒಂದು ಸರ್ಟಿಫಿಕೇಟೇ. ಶುದ್ಧ ನೀರು ಬಳಸಲ್ಲ ಎಂದು ಯಾರು ಹೇಳುತ್ತಾರೆ?

ಸರಿಪಡಿಸುವಾಗ ಮೊದಲು ಪ್ರಶ್ನೆಯನ್ನು ಮುಟ್ಟಬಾರದು. ನಿಜಕ್ಕೂ ಏನು ತಿಳಿಯಬೇಕು ಎಂದು ಪಕ್ಕದಲ್ಲಿ ಬರೆದುಕೊಳ್ಳಬೇಕು. ಇಲ್ಲಿ ಮೂರು ವಿಷಯಗಳಿವೆ: ಕುಡಿಯುವ ನೀರು ಎಲ್ಲಿಯದು, ಅಡುಗೆ ನೀರು ಎಲ್ಲಿಯದು, ಆ ಆಯ್ಕೆಗೆ ಕಾರಣ ಫ್ಲೋರೈಡೇ? ಈಗ ಒಂದೊಂದಕ್ಕೆ ಒಂದೊಂದು ಪ್ರಶ್ನೆ:

“ನಿನ್ನೆ ನಿಮ್ಮ ಮನೆಯಲ್ಲಿ ಕುಡಿದ ನೀರು ಎಲ್ಲಿಂದ ತಂದದ್ದು?”
“ನಿನ್ನೆ ಅಡುಗೆಗೆ ಹಾಕಿದ ನೀರು ಎಲ್ಲಿಂದ ತಂದದ್ದು?”
“ಕುಡಿಯಲು ಆ ನೀರನ್ನು ತರಲು ಕಾರಣವೇನು?”

ಮೊದಲ ಎರಡಕ್ಕೆ ನಲ್ಲಿ, ಬೋರ್‌ವೆಲ್, ಘಟಕ, ದುಡ್ಡು ಕೊಟ್ಟು ತರಿಸುವ ಕ್ಯಾನ್, ಬೇರೆ ಎಂಬ ಆಯ್ಕೆಗಳಿರಲಿ. ಒಂದಕ್ಕಿಂತ ಹೆಚ್ಚು ಹೇಳಿದರೆ ಎಲ್ಲವನ್ನೂ ಗುರುತು ಮಾಡಿಕೊಳ್ಳಬೇಕು. ‘ಸಾಮಾನ್ಯವಾಗಿ’ ಎಂದು ಕೇಳಿದರೆ ಜನ ಒಳ್ಳೆಯ ಅಭ್ಯಾಸವನ್ನು ಹೇಳುತ್ತಾರೆ, ‘ನಿನ್ನೆ’ ಎಂದರೆ ನಡೆದದ್ದನ್ನು ನೆನಪಿಸಿಕೊಳ್ಳುತ್ತಾರೆ. ಮೂರನೆಯದಕ್ಕೆ ಆಯ್ಕೆ ಓದಿ ಹೇಳಬಾರದು. ರುಚಿ, ಹತ್ತಿರ, ಬೇಳೆ ಬೇಯುತ್ತದೆ, ಅವರು ಏನು ಹೇಳಿದರೂ ಬರೆದುಕೊಳ್ಳಬೇಕು. ಫ್ಲೋರೈಡ್ ಬಗ್ಗೆ ಕೇಳಿದ್ದೀರಾ ಎಂಬ ಪ್ರಶ್ನೆ ಇವೆಲ್ಲ ಮುಗಿದ ಮೇಲೆ ಬರಬೇಕು. ಮೊದಲೇ ಕೇಳಿದರೆ ಕಾರಣದ ಪ್ರಶ್ನೆಗೆ ಉತ್ತರ ಕಲಿಸಿದಂತಾಗುತ್ತದೆ.

“ಎರಡಕ್ಕೂ ಘಟಕದ ನೀರನ್ನೇ ಬಳಸುವ ಮನೆಗಳು ಎಷ್ಟು ಎಂಬುದೇ ನನಗೆ ಬೇಕಿತ್ತು, ಪ್ರಶ್ನೆ ಒಡೆದರೆ ಉದ್ದೇಶ ಹಾಳಾಗುತ್ತದಲ್ಲ” ಎಂದು ಸಂಶೋಧಕರು ಹೇಳಬಹುದು. ಹಾಳಾಗುವುದಿಲ್ಲ. ಮೊದಲ ಎರಡೂ ಪ್ರಶ್ನೆಗೆ ‘ಘಟಕ’ ಒಂದನ್ನೇ ಹೇಳಿದ ಮನೆಗಳನ್ನು ಆಮೇಲೆ ಎಣಿಸಿದರೆ ಆಯಿತು. ಬಿಡಿ ಉತ್ತರಗಳನ್ನು ಕೂಡಿಸಬಹುದು, ಕೂಡಿಸಿ ಕೇಳಿದ್ದನ್ನು ಬಿಡಿಸಲಾಗದು. ಆದರೆ ಹಳೇ ಸರ್ವೆ ಜೊತೆ ಹೋಲಿಸಬೇಕಿದ್ದರೆ ಎಚ್ಚರ: ಪ್ರಶ್ನೆ ಬದಲಾದರೆ ಅಂಕಿಯೂ ಬದಲಾಗುತ್ತದೆ, ಅದನ್ನು ಊರಿನ ಬದಲಾವಣೆ ಎನ್ನುವ ಹಾಗಿಲ್ಲ.

ಇಂಗ್ಲಿಷ್ ಪುಸ್ತಕಗಳು ‘ಮತ್ತು’, ‘ಅಥವಾ’ ಹುಡುಕಿ ಎನ್ನುತ್ತವೆ. ಕನ್ನಡದಲ್ಲಿ ಅಷ್ಟು ಸಾಲದು. “ನೀರು ಸೋಸಿ ಕುದಿಸಿ ಕುಡಿಯುತ್ತೀರಾ?” ಎಂಬುದರಲ್ಲಿ ‘ಮತ್ತು’ ಇಲ್ಲ, ಆದರೂ ಸೋಸುವುದು, ಕುದಿಸುವುದು ಎರಡೂ ಇವೆ. “ನೀರು ರುಚಿಯಾಗಿ ಸುರಕ್ಷಿತವಾಗಿದೆಯೇ?” ಎಂಬುದೂ ಹಾಗೇ. ಫ್ಲೋರೈಡ್‌ಗೆ ರುಚಿ, ವಾಸನೆ ಇಲ್ಲದ್ದರಿಂದ ಸುರಕ್ಷತೆ ಗೊತ್ತಾಗಬೇಕಾದರೆ ನೀರಿನ ಪರೀಕ್ಷೆಯೇ ಆಗಬೇಕು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ ಹೆಚ್ಚೆಂದರೆ 1.5. ಜನರನ್ನು ಕೇಳಬಹುದಾದದ್ದು, ಅವರಿಗೆ ಏನನ್ನಿಸುತ್ತದೆ ಎಂಬುದನ್ನಷ್ಟೇ.

ಹೊಸ ಪ್ರಶ್ನೆಗಳನ್ನು ಮೊದಲು ನಾಲ್ಕಾರು ಮನೆಗಳಲ್ಲಿ ಕೇಳಿ ನೋಡಬೇಕು. “ಅದಕ್ಕಾದ್ರೆ ಹೌದು, ಇದಕ್ಕಾದ್ರೆ ಇಲ್ಲ” ಎಂಬ ಉತ್ತರ ಬಂದರೆ ಇನ್ನೂ ಜೋಡಿ ಉಳಿದಿದೆ ಎಂದರ್ಥ. ಪಾವಗಡದಲ್ಲಿ ಇನ್ನೊಂದು ಕೆಲಸವಿದೆ. ಅಲ್ಲಿ ಎಷ್ಟೋ ಮನೆಗಳ ಮಾತು ತೆಲುಗು. ಸರ್ವೆ ಮಾಡುವವರು ಬಾಗಿಲಲ್ಲೇ ನಿಂತು ಅನುವಾದಿಸುವಾಗ ಕೊನೆಗೊಂದು ‘ಕದಾ’ ಸೇರಿಸಿಬಿಟ್ಟರೆ, ಕನ್ನಡದಲ್ಲಿ ತೆಗೆದುಹಾಕಿದ ‘ಅಲ್ಲವೇ’ ಮತ್ತೆ ಬಂದು ಕೂರುತ್ತದೆ. ಹಾಗಾಗಿ ತೆಲುಗು ಪ್ರಶ್ನೆಗಳನ್ನೂ ಮೊದಲೇ ಬರೆದು ಕೊಟ್ಟು, ಇದ್ದ ಹಾಗೇ ಓದಲು ಹೇಳಬೇಕು.