ಆ್ಯಪ್ ಹೊಂದಿಸ್ತೈತಿ ಅಂತ ಚಪ್ಪಾಳೆ ಬಿಡಬ್ಯಾಡ್ರಿ

ದೋಸ್ತ್ರೆ, ಹೋದ ಪೋಸ್ಟ್‌ನಾಗ ಫೋನ್ ಮೈಕಿನ ಬಗ್ಗೆ ಬರದಿದ್ದೆ. ಕಾಮೆಂಟ್‌ನಾಗ ಸುಮಾರು ಜನ ಕೇಳಿದ್ದು ಒಂದೇ ಪ್ರಶ್ನೆ: "ಸೌಂಡ್ ಬೇರೆ ರೆಕಾರ್ಡ್ ಮಾಡಿದ್ರ ವಿಡಿಯೋಕ್ಕ ಹೊಂದಿಸೋದು ಹೆಂಗ? ಆ್ಯಪ್ ತಾನೇ ಮಾಡ್ತೈತಿ ಅಲ್ಲ?"

ಮಾಡ್ತೈತಿ. ಆದ್ರ ನನ್ನ ಅಭಿಪ್ರಾಯ ಇಷ್ಟು: ಆ್ಯಪ್ ಇದ್ದರೂ ಚಪ್ಪಾಳೆ ಹೊಡೀಲೇಬೇಕು. ಅದೂ ಒಂದಲ್ಲ, ಎರಡು, ಶುರುವಿಗೊಂದು ಮತ್ತು ಕೊನೆಗೊಂದು. ಯಾಕ ಅಂತ ಒಂದು ಬಯಲಾಟದ ಲೆಕ್ಕ ಹಿಡದು ಹೇಳ್ತೀನಿ.

ಯಲಬುರ್ಗಾ ಕಡೆ ಒಂದು ಊರಾಗ ದೊಡ್ಡಾಟ ಇತ್ತು. ನಮ್ಮ ಕ್ಲಾಸಿನ ಹುಡುಗರು ಒಂದು ಫೋನನ್ನ ಹಿಮ್ಮೇಳದ ಹತ್ರ, ಹಾರ್ಮೋನಿಯಂ ಪಕ್ಕ ಇಟ್ಟು ಬರೀ ಸೌಂಡ್ ರೆಕಾರ್ಡ್ ಮಾಡಿದ್ರು. ಇನ್ನೊಂದು ಫೋನು ಎದುರಿನ ಮನಿ ಮಾಳಿಗಿ ಮ್ಯಾಲೆ, ಸ್ಟೇಜಿನಿಂದ ಸುಮಾರು 35 ಮೀಟರ್ ದೂರ, ಝೂಮ್ ಮಾಡಿ ವಿಡಿಯೋ. ಯೋಜನೆ ಸರಿನೇ ಇತ್ತು. ಮಾಳಿಗಿ ಮ್ಯಾಲಿನ ಫೋನಿಗೆ ನಾಯಿ ಬೊಗಳೋದು, ಬೈಕ್ ಸದ್ದು ಎಲ್ಲಾ ಸೇರಿ ಕೇಳ್ತಿತ್ತು. ಹತ್ರದ ಫೋನಿನಾಗ ಮಾತ್ರ ಮದ್ದಳೆ, ತಾಳ, ಭಾಗವತರ ದನಿ ಬೇರೆ ಬೇರೆ ಚೊಲೋ ಬಂದಿತ್ತು.

ಇಂಥಾ ಕೆಲಸದಾಗ ಎಡವಟ್ಟಾದ್ರ ಏನಾಗ್ತೈತಿ ಗೊತ್ತಲ್ಲ? ಇದಕ್ಕಿಂತ ಮೊದಲು ಯಾರೋ ಹಾಕಿದ್ದ ಬೇರೆ ಆಟದ ವಿಡಿಯೋದಾಗ ತುಟಿ ಒಂದು ಕಡೆ, ಹಾಡು ಒಂದು ಕಡೆ ಇತ್ತು. ಕೆಳಗ ಕಾಮೆಂಟು: "ಹಿಂದ ಕ್ಯಾಸೆಟ್ ಹಾಕ್ಯಾರ". ರಾತ್ರಿಯಿಡೀ ಗಂಟಲು ಹರಕೊಂಡು ಹಾಡಿದ ಮನುಷ್ಯಾಗ ಡಬ್ಬಿಂಗ್ ಅಂತ ಹೆಸರು ಬಂತು. ಅದಕ್ಕ ನಾನು ಇದರ ಬಗ್ಗೆ ಇಷ್ಟು ಹಟ ಹಿಡಿಯೋದು.

ಈಗ ಆ್ಯಪ್ ಏನ್ ಮಾಡ್ತೈತಿ ನೋಡ್ರಿ. ವಿಡಿಯೋ ತಗೊಂಡ ಫೋನು ತನ್ನ ಮೈಕಿನಿಂದಲೂ ಒಂದು ಕೆಟ್ಟ ಸೌಂಡ್ ರೆಕಾರ್ಡ್ ಮಾಡಿರ್ತೈತಿ. ಡವಿಂಚಿ ರಿಸಾಲ್ವ್, ಪ್ರೀಮಿಯರ್ ಪ್ರೋದಂಥ ಸಾಫ್ಟ್‌ವೇರು ಆ ಕೆಟ್ಟ ಸೌಂಡಿನ ಅಲೆ, ನಿಮ್ಮ ಚೊಲೋ ಸೌಂಡಿನ ಅಲೆ ಎರಡನ್ನೂ ಒಂದರ ಮ್ಯಾಲೊಂದು ಇಟ್ಟು, ಅತ್ತಿತ್ತ ಸರಿಸ್ತಾ, ಏರಿಳಿತ ಎಲ್ಲಿ ಜಾಸ್ತಿ ಹೊಂದ್ತೈತೋ ಅಲ್ಲಿ ನಿಲ್ಲಿಸ್ತಾವು. ಮೇಜಿನ ಎದುರು ಕೂತು ಮಾತಾಡೋ ಇಂಟರ್‌ವ್ಯೂಗೆ ಇದು ಭಾಳ ಚೊಲೋ ಕೆಲಸ ಮಾಡ್ತೈತಿ, ಅದರಾಗ ನನ್ನ ತಕರಾರಿಲ್ಲ.

ತಕರಾರು ದೂರದ ಕ್ಯಾಮೆರಾದ್ದು. ಬೆಳಕು ಕ್ಷಣಮಾತ್ರದಾಗ ಬರ್ತೈತಿ, ಸದ್ದು ಹಂಗ ಬರೋದಿಲ್ಲ. ನಮ್ಮ ಕಡೆ ಸೆಕೆಗೆ ಸದ್ದು ಸೆಕೆಂಡಿಗೆ ಸುಮಾರು 350 ಮೀಟರ್ ಹೋಗ್ತೈತಿ. 35 ಮೀಟರ್ ದಾಟಾಕ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ವಿಡಿಯೋ ಸೆಕೆಂಡಿಗೆ 30 ಫ್ರೇಮ್ ಇದ್ರ, ಅದು ಮೂರು ಫ್ರೇಮ್. ಅಂದ್ರ ಮಾಳಿಗಿ ಮ್ಯಾಲಿನ ಫೋನು ಮದ್ದಳೆ ಮ್ಯಾಲೆ ಕೈ ಬೀಳೋದನ್ನ ಈಗ ನೋಡ್ತೈತಿ, ಅದರ ಸದ್ದು ಮೂರು ಫ್ರೇಮ್ ಆದಮ್ಯಾಲೆ ಕೇಳ್ತೈತಿ. ಆ್ಯಪ್ ಚಿತ್ರ ನೋಡೋದಿಲ್ಲ, ತಡವಾಗಿ ಬಂದ ಆ ಸದ್ದನ್ನೇ ಅಳತೆ ಅಂತ ಹಿಡಿತೈತಿ. ಚೊಲೋ ಸೌಂಡನ್ನೂ ಎಳದು ಅದಕ್ಕೇ ಜೋಡಿಸ್ತೈತಿ. ಅಲೆ ಎರಡೂ ಪಕ್ಕಾ ಹೊಂದ್ಯಾವು, ಆದ್ರ ಕೈ ಬಿದ್ದ ಮೂರು ಫ್ರೇಮಿಗೆ "ಧಿಂ" ಅಂತೈತಿ. ಹಾಡಿನ ತುಟಿ ನೋಡುವಾಗ ಇದು ಅಷ್ಟು ಗೊತ್ತಾಗೋದಿಲ್ಲ, ಯಾಕಂದ್ರ ಸದ್ದು ತುಸು ತಡ ಆದ್ರ ನಮ್ಮ ಕಿವಿ ಸಹಿಸ್ಕೊಂತೈತಿ, ಮೊದಲೇ ಬಂದ್ರ ಬೇಗ ಹಿಡಿತೈತಿ. ಮದ್ದಳೆ ಪೆಟ್ಟಿನಾಗ, ಗೆಜ್ಜಿ ಕಾಲು ಬಡಿಯೋದ್ರಾಗ ಮಾತ್ರ ಎದ್ದು ಕಾಣ್ತೈತಿ. (ಹಾರ್ನ್ ಸ್ಪೀಕರನ್ನ ಮಾಳಿಗಿ ಹತ್ರದ ಬೇವಿನ ಗಿಡಕ್ಕ ಕಟ್ಟಿದ್ರ ಲೆಕ್ಕ ಬೇರೆ. ವೈರಿನಾಗ ಸಿಗ್ನಲ್ ತಡ ಆಗೋದಿಲ್ಲ, ಹತ್ತಿರದ ಸ್ಪೀಕರ್ ಎಷ್ಟು ದೂರ ಐತೋ ಅಷ್ಟೇ ತಡ. ಇಲ್ಲಿ ಸ್ಪೀಕರ್ ಸ್ಟೇಜಿನ ಬಾಜೂಕೇ ಇದ್ವು.)

ಬಯಲಾಟದಾಗ ಇನ್ನೊಂದು ತೊಂದ್ರಿ. ತಾಳ ಒಂದೇ ಸಮ ಬೀಳ್ತಿರ್ತೈತಿ. ಈ ಪೆಟ್ಟು ಆ ಪೆಟ್ಟಿನಂಗೇ ಇದ್ರ, ಅಲೆಯೂ ಹಂಗೇ ಇರ್ತೈತಿ. ಆ್ಯಪ್ ಒಂದು ಪೆಟ್ಟು ಹಿಂದಕ್ಕೋ ಮುಂದಕ್ಕೋ ಹೋಗಿ ಕೂತುಬಿಡಬಹುದು. ಆಗ ಮದ್ದಳೆ ಹೊಂದಿದಂಗ ಕಾಣ್ತೈತಿ, ಮಾತು ಮಾತ್ರ ಅರ್ಧ ಸೆಕೆಂಡ್ ಆಚೀಚೆ. ಅದಕ್ಕ ಆಟೋ ಸಿಂಕ್ ಆದಮ್ಯಾಲೆ ಬಡಿಯೋದನ್ನ ಅಲ್ಲ, ಮಾತನ್ನ ನೋಡಿ ಪರೀಕ್ಷೆ ಮಾಡ್ರಿ. ಪ, ಬ, ಮ ಅಕ್ಷರಕ್ಕ ತುಟಿ ಮುಚ್ಚಲೇಬೇಕು, ಅಲ್ಲಿ ಸುಳ್ಳು ನಡಿಯೋದಿಲ್ಲ.

ಚಪ್ಪಾಳೆ ಈ ಎರಡೂ ತೊಂದ್ರಿ ತಪ್ಪಿಸ್ತೈತಿ. ಆದ್ರ ಅದನ್ನ ಸೌಂಡ್ ರೆಕಾರ್ಡ್ ಮಾಡೋ ಫೋನಿನ ಹತ್ರ, ಒಂದು ಮೊಳದೊಳಗ ಹೊಡೀಬೇಕು. ಕ್ಯಾಮೆರಾ ಹತ್ರ ಹೊಡದ್ರ ಮತ್ತ ಅದೇ 35 ಮೀಟರಿನ ತಡ, ಈ ಸಲ ಉಲ್ಟಾ. ಎರಡೂ ರೆಕಾರ್ಡಿಂಗ್ ಚಾಲೂ ಆದಮ್ಯಾಲೆ ಎರಡು ಸೆಕೆಂಡ್ ಸುಮ್ಮನಿದ್ದು, ಲೈಟಿನ ಕೆಳಗ, ಅಂಗೈ ಕೂಡೋದು ಕ್ಯಾಮೆರಾಕ್ಕ ಕಾಣೋ ಹಂಗ ಅಡ್ಡ ನಿಂತು, ಒಂದೇ ಒಂದು ಗಟ್ಟಿ ಚಪ್ಪಾಳೆ. ಮೂರ್ನಾಲ್ಕು ಹೊಡದ್ರ ಆಮೇಲೆ ಯಾವುದು ಯಾವುದು ಅಂತ ಹುಡುಕ್ಕೊಂತ ಕೂಡ್ತೀರಿ. ಎಡಿಟ್ ಮಾಡುವಾಗ ಅಂಗೈ ಮೊದಲ ಸಲ ಕೂಡಿದ ಫ್ರೇಮ್ ಹುಡುಕ್ರಿ, ಸೌಂಡ್ ಅಲೆಯಾಗ ಸೂಜಿ ಹಂಗ ಎದ್ದ ಗೆರೆ ಹುಡುಕ್ರಿ, ಎರಡನ್ನೂ ಕೂಡಿಸ್ರಿ. ರಾತ್ರಿ ಕೈ ಮಸುಕಾಗಿ ಕಂಡ್ರೂ ತಪ್ಪಾದ್ರ ಒಂದು ಫ್ರೇಮ್ ತಪ್ಪೀತು, ಅಷ್ಟೇ.

ಆ ಆಟದ ಒಂದು ಭಾಗದ ಲೆಕ್ಕ ಹಿಂಗಿತ್ತು (ಮೂರನೇ ಫೋಟೋ ಸ್ವೈಪ್ ಮಾಡಿ ನೋಡ್ರಿ). ವಿಡಿಯೋದಾಗ ಕೈ ಕೂಡಿದ್ದು 12.333 ಸೆಕೆಂಡಿಗೆ, ಸೌಂಡಿನಾಗ ಚಪ್ಪಾಳೆ 47.600 ಸೆಕೆಂಡಿಗೆ. ಸೌಂಡಿನ ಮುಂದಿನ 35.267 ಸೆಕೆಂಡ್ ಕತ್ತರಿಸಿದ್ವಿ, ಶುರು ಪಕ್ಕಾ ಹೊಂದ್ತು. ಇಲ್ಲಿಗೆ ಬಿಟ್ಟಿದ್ರ ಅರ್ಧ ಆಟ ಚೊಲೋ, ಕೊನೆಗೆ ಎಡವಟ್ಟು ಆಗ್ತಿತ್ತು.

ಬಿಕಾಂ ಮಂದಿಗೆ ಇದು ಬೇಗ ತಿಳಿತೈತಿ: ಆರಂಭದ ಶಿಲ್ಕು ಟ್ಯಾಲಿ ಆತು ಅಂದ ಮಾತ್ರಕ್ಕ ಕೊನೆ ಶಿಲ್ಕು ಟ್ಯಾಲಿ ಆಗಬೇಕಂತಿಲ್ಲ. ಮೊದಲ ಚಪ್ಪಾಳೆಯಿಂದ ಕೊನೆ ಚಪ್ಪಾಳೆ ತನಕ ವಿಡಿಯೋದಾಗ ಸರಿಯಾಗಿ 2520 ಸೆಕೆಂಡ್, ಅಂದ್ರ 42 ನಿಮಿಷ. ಸೌಂಡಿನಾಗ 2520.150. ಎರಡು ಫೋನಿನ ಒಳಗಿನ ಗಡಿಯಾರ ಒಂದೇ ವೇಗದಾಗ ಓಡೋದಿಲ್ಲ, ಅದಕ್ಕ ಸೌಂಡು ನಿಧಾನಕ್ಕ ಹಿಂದ ಬಿದ್ದು ಕೊನೆಗೆ ನಾಲ್ಕೂವರೆ ಫ್ರೇಮ್ ತಡ ಆಗೈತಿ. ಒಂದು ನಿಮಿಷದ ರೀಲಿಗೆ ಇದು ಲೆಕ್ಕಕ್ಕಿಲ್ಲ. 42 ನಿಮಿಷಕ್ಕ ಲೆಕ್ಕಕ್ಕೈತಿ.

ಕಂಪ್ಯೂಟರಿನಾಗ ಆದ್ರ ಸೌಂಡಿನ ವೇಗ 100.006 ಪರ್ಸೆಂಟ್ ಮಾಡಿದ್ರ ಮುಗೀತು. ಭಾಳಷ್ಟು ಫೋನ್ ಆ್ಯಪಿನಾಗ ಅಷ್ಟು ಸಣ್ಣ ಬದಲಾವಣೆ ಬರೋದಿಲ್ಲ. ನಾವು ಮಾಡಿದ್ದು ಬೇರೆ: ಪಾತ್ರ ಒಳಗ ಹೋಗಿ ಹಿಮ್ಮೇಳ ನಿಲ್ಲೋ ನಾಲ್ಕು ಕಡೆ, ಎಂಟೊಂಬತ್ತು ನಿಮಿಷಕ್ಕೊಂದರಂಗ, ಸೌಂಡ್ ಕತ್ತರಿಸಿ ಪ್ರತಿ ಸಲ ಸುಮಾರು ಒಂದು ಫ್ರೇಮಿನಷ್ಟು ತಗದ್ವಿ. ಸುಮ್ಮನಿರೋ ಜಾಗ ಆದ್ದರಿಂದ ಕಿವಿಗೆ ಗೊತ್ತಾಗಲಿಲ್ಲ.

ಒಂದು ಗುರುತು ನೆನಪಿಡ್ರಿ. ಶುರುವಿನಿಂದ ಕೊನೆ ತನಕ ಒಂದೇ ಸಮ ತಪ್ಪಿದ್ರ ಜೋಡಿಸಿದ ಜಾಗ ತಪ್ಪು. ಬರಬರ್ತಾ ಹೆಚ್ಚಾದ್ರ ಗಡಿಯಾರದ ವ್ಯತ್ಯಾಸ. ಅಲ್ಲಲ್ಲಿ ಹೆಚ್ಚಾಗಿ ಮತ್ತ ಕಮ್ಮಿ ಆದ್ರ ಫೋನು ಫ್ರೇಮ್‌ಗಳನ್ನ ಒಂದೇ ಸಮ ತಗೊಂಡಿಲ್ಲ. ಅಂಥಾ ವಿಡಿಯೋವನ್ನ ಮೊದಲು ಹ್ಯಾಂಡ್‌ಬ್ರೇಕ್‌ನಾಗ ಹಾಕಿ, Constant Framerate ಆರಿಸಿ, ಹೊಸ ಫೈಲ್ ಮಾಡ್ಕೊಂಡು ಆಮೇಲೆ ಎಡಿಟಿಗೆ ಕೂಡ್ರಿ.

ಕೊನೆ ಚಪ್ಪಾಳೆ ಮರೆತು ಮಂಗಳಾರತಿ ಆಗಿಹೋದ್ರ? ಅಲ್ಲಿ ಗಂಟೆ ಬಡಿತಾರ, ತೆಂಗಿನಕಾಯಿ ಒಡಿತಾರ. ಕಾಯಿ ಕಲ್ಲಿಗೆ ಬಡಿಯೋದು ಕ್ಯಾಮೆರಾದಾಗ ಕಂಡಿದ್ರ, ರೆಕಾರ್ಡಿಂಗ್ ಫೋನಿಗೆ ಹತ್ರ ಇದ್ರ, ಅದೇ ನಿಮ್ಮ ಎರಡನೇ ಚಪ್ಪಾಳೆ.